ಕೇರ್ ಪ್ಲಾನ್‌ಗೆ ಅಂಕ ಕೊಡುವುದು ಕೈಬರಹ ನೋಡಿಯೇ? ರೂಬ್ರಿಕ್ ಇದ್ದರೆ ಏನು ಬದಲಾಗುತ್ತದೆ?

ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರ, ಯಶವಂತಪುರದ ಕಡೆ ಬೆಳಿಗ್ಗೆ ಏಳರ ಸುಮಾರಿಗೆ ಬಸ್ ಹತ್ತಿದರೆ ಯೂನಿಫಾರ್ಮ್ ತೊಟ್ಟ ನರ್ಸಿಂಗ್ ವಿದ್ಯಾರ್ಥಿಗಳು ಕಾಣದ ದಿನವಿಲ್ಲ. ತೊಡೆಯ ಮೇಲೆ ಒಂದು ದಪ್ಪ ಫೈಲು, ಅದರಲ್ಲಿ ಬಣ್ಣದ ಪೆನ್ನಿನಿಂದ ಗೆರೆ ಎಳೆದ ಹಾಳೆಗಳು. ಅದೇ ಕೇರ್ ಪ್ಲಾನ್. ವಾರ್ಡಿನಲ್ಲಿ ತಮಗೆ ವಹಿಸಿದ ರೋಗಿಗೆ ಏನು ತೊಂದರೆ ಇದೆ, ನರ್ಸ್ ಆಗಿ ತಾವು ಏನು ಮಾಡಬೇಕು, ಯಾಕೆ ಮಾಡಬೇಕು, ಮಾಡಿದ ಮೇಲೆ ಏನಾಯಿತು ಎಂದು ವಿದ್ಯಾರ್ಥಿ ಬರೆದು ಕೊಡುವ ಯೋಜನೆ.

ಈ ಫೈಲಿನ ಬಗ್ಗೆ ವಿದ್ಯಾರ್ಥಿಗಳ ಗ್ರೂಪುಗಳಲ್ಲಿ ಕೆಲವು ಮಾತುಗಳು ಸದಾ ಓಡಾಡುತ್ತವೆ. ‘ಕೈಬರಹ ಚೆನ್ನಾಗಿದ್ದರೆ ಅಂಕ ಗ್ಯಾರಂಟಿ.’ ‘ಪುಟ ಹೆಚ್ಚಾದಷ್ಟೂ ಒಳ್ಳೆಯದು.’ ‘ಮೇಡಂ ಮೂಡ್ ನೋಡಿ ಸಬ್ಮಿಟ್ ಮಾಡಿ.’ ಇವುಗಳ ಜೊತೆಗೇ ನ್ಯುಮೋನಿಯಾ, ಡಯಾಬಿಟಿಸ್, ಡೆಂಗಿ ಎಂದು ಹೆಸರಿಟ್ಟ ಸಿದ್ಧ ಕೇರ್ ಪ್ಲಾನ್‌ಗಳ ಪಿಡಿಎಫ್‌ಗಳೂ ಬರುತ್ತವೆ. ನಕಲು ಮಾಡಿ, ರೋಗಿಯ ಹೆಸರು ಬದಲಿಸಿ, ಕೊಟ್ಟುಬಿಡಿ.

ಈ ಮಾತುಗಳಲ್ಲಿ ಎಷ್ಟು ನಿಜ?

ಪೂರ್ತಿ ಸುಳ್ಳೇನಲ್ಲ

ಅಳತೆಗೋಲು ಇಲ್ಲದೆ ಅಂಕ ಕೊಟ್ಟರೆ ಕೊಡುವವರನ್ನು ನೋಡಿ ಅಂಕ ಬದಲಾಗುತ್ತದೆ ಎಂಬುದು ನೂರು ವರ್ಷಕ್ಕೂ ಹಳೆಯ ಸಂಗತಿ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಹಲವು ಹೈಸ್ಕೂಲುಗಳ ಶಿಕ್ಷಕರಿಗೆ ಕಳಿಸಿ ನೂರಕ್ಕೆ ಅಂಕ ಕೊಡಲು ಕೇಳಿದರು. ಕೆಲವರು 64 ಕೊಟ್ಟರು, ಕೆಲವರು 98. ಅದು ಭಾಷೆಯ ವಿಷಯ, ಹಾಗಾಗಿ ಹೀಗೆ ಎಂದು ಕೆಲವರು ಅಂದಾಗ ಮುಂದಿನ ವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅದರಲ್ಲಿ ಅಂತರ ಇನ್ನೂ ದೊಡ್ಡದಾಯಿತು. ಲೆಕ್ಕ ತಪ್ಪಿದ್ದಕ್ಕೆ ಎಷ್ಟು ಕಳೆಯಬೇಕು, ಕ್ರಮ ಸರಿಯಿದ್ದರೆ ಎಷ್ಟು ಕೊಡಬೇಕು, ಅಂದವಾಗಿ ಬರೆಯದಿದ್ದರೆ ಎಷ್ಟು ಹಿಡಿಯಬೇಕು ಎಂದು ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ ಲೆಕ್ಕವಿತ್ತು.

ಆ ಶಿಕ್ಷಕರು ಯಾರೂ ಮೋಸ ಮಾಡಿರಲಿಲ್ಲ, ಯಾರಿಗೂ ವಿದ್ಯಾರ್ಥಿಯ ಮೇಲೆ ಸಿಟ್ಟಿರಲಿಲ್ಲ. ಆದ್ದರಿಂದ ‘ಮೇಡಂ ಮೂಡ್’ ಎಂಬ ವಿವರಣೆ ಅರ್ಧ ಮಾತ್ರ ಸರಿ. ಯಾವುದಕ್ಕೆ ಎಷ್ಟು ತೂಕ ಎಂದು ಮೊದಲೇ ಬರೆದಿಡದಿದ್ದರೆ ಎಷ್ಟೇ ಸಮಾಧಾನದ ಮೇಡಂ ಆದರೂ ಅಂಕ ಹೆಚ್ಚುಕಡಿಮೆ ಆಗುತ್ತದೆ.

ನರ್ಸಿಂಗ್‌ನಲ್ಲಿ ಈ ಹೆಚ್ಚುಕಡಿಮೆ ಸಣ್ಣ ವಿಷಯವಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಬಿ.ಎಸ್‌ಸಿ ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ತಂದಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿರುವ ನಮ್ಮ ರಾಜ್ಯದ ಕಾಲೇಜುಗಳೂ ಆ ಪಠ್ಯಕ್ರಮದಂತೆಯೇ ನಡೆಯುತ್ತವೆ. ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಕನಿಷ್ಠ 50% ಬೇಕು. ವಾರ್ಡಿನಲ್ಲಿ ಮಾಡಿದ ಕೆಲಸ, ಬರೆದ ಅಸೈನ್‌ಮೆಂಟ್‌ಗಳು ಇಂಟರ್ನಲ್ ಅಂಕಗಳಿಗೆ ಸೇರುತ್ತವೆ. ಗಡಿಯಲ್ಲಿರುವ ವಿದ್ಯಾರ್ಥಿಗೆ ಮೂರ್ನಾಲ್ಕು ಅಂಕವೂ ದೊಡ್ಡದೇ.

ಒಂದೇ ರೋಗಿ, ಎರಡು ಕೇರ್ ಪ್ಲಾನ್

ಉದಾಹರಣೆಯಿಂದ ನೋಡೋಣ. ವಿವರಿಸಲೆಂದು ನಾನೇ ಕಟ್ಟಿದ ಉದಾಹರಣೆ ಇದು, ಇಲ್ಲಿನ ರೋಗಿಯಾಗಲಿ ವಿದ್ಯಾರ್ಥಿನಿಯರಾಗಲಿ ನಿಜವಾದವರಲ್ಲ.

ರೋಗಿ 62 ವರ್ಷದ ಗಂಡಸು. ನ್ಯುಮೋನಿಯಾ ಎಂದು ದಾಖಲಾಗಿದ್ದಾರೆ. ಜ್ವರ 101.4 ಡಿಗ್ರಿ, ನಿಮಿಷಕ್ಕೆ 28 ಸಲ ಉಸಿರಾಟ, ಆಮ್ಲಜನಕದ ಮಟ್ಟ 91%, ಗಟ್ಟಿ ಕಫ. ಅವರಿಗೆ ಮೊದಲಿನಿಂದಲೂ ಹೃದಯ ವೈಫಲ್ಯದ ತೊಂದರೆ ಇದೆ, ನೀರಿಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎರಡೂ ಪಾದ ಊದಿಕೊಂಡಿವೆ. ದಿನಕ್ಕೆ ಒಟ್ಟು 1.2 ಲೀಟರ್‌ಗಿಂತ ಹೆಚ್ಚು ದ್ರವ ಬೇಡ ಎಂದು ಡಾಕ್ಟರ್ ಕೇಸ್ ಶೀಟಿನಲ್ಲಿ ಬರೆದಿದ್ದಾರೆ.

ಮೊದಲ ವಿದ್ಯಾರ್ಥಿನಿಯ ಕೇರ್ ಪ್ಲಾನ್ ಹದಿನಾಲ್ಕು ಪುಟ. ಮುತ್ತು ಪೋಣಿಸಿದಂಥ ಅಕ್ಷರ, ಶ್ವಾಸಕೋಶದ ಬಣ್ಣದ ಚಿತ್ರ, ತಪ್ಪಿಲ್ಲದ ಇಂಗ್ಲಿಷ್. ಹನ್ನೆರಡು ಶುಶ್ರೂಷಾ ಕ್ರಮಗಳ ಪಟ್ಟಿ ಇದೆ. ಅದರಲ್ಲಿ ಐದನೆಯದು: ಕಫ ತೆಳುವಾಗಲು ದಿನಕ್ಕೆ 3 ಲೀಟರ್ ದ್ರವ ಕುಡಿಸಬೇಕು. ಕೊನೆಯಲ್ಲಿ ‘ಗುರಿ ಈಡೇರಿದೆ’ ಎಂದು ಒಂದೇ ಸಾಲು.

ಎರಡನೆಯವಳದು ಐದು ಪುಟ. ಕನ್ನಡ ಮಾಧ್ಯಮದಲ್ಲಿ ಓದಿ ರಾಯಚೂರಿನ ಕಡೆಯಿಂದ ಬಂದವಳು ಎಂದಿಟ್ಟುಕೊಳ್ಳಿ. ಇಂಗ್ಲಿಷ್ ವ್ಯಾಕರಣ ತಪ್ಪು, ಎರಡು ಕಡೆ ಹೊಡೆದು ಬರೆದಿದ್ದಾಳೆ. ಆದರೆ ಪಾದದ ಊತ, ಬೆಳಗಿನ ತೂಕ, ಹಿಂದಿನ ದಿನ ಒಳಗೆ ಹೋದ ದ್ರವ ಮತ್ತು ಹೊರಬಂದ ಮೂತ್ರದ ಲೆಕ್ಕ, ಎಲ್ಲವೂ ಅವಳ ಹಾಳೆಯಲ್ಲಿವೆ. ತಲೆಯ ಕಡೆ ಎತ್ತರಿಸಿ ಕೂರಿಸುವುದು, ಎರಡು ಗಂಟೆಗೊಮ್ಮೆ ಆಳವಾಗಿ ಉಸಿರೆಳೆದು ಕೆಮ್ಮಿಸುವುದು, ದ್ರವ 1.2 ಲೀಟರ್ ದಾಟದಂತೆ ಇಡೀ ದಿನಕ್ಕೆ ಹಂಚುವುದು ಎಂದು ಬರೆದಿದ್ದಾಳೆ. ಎರಡು ದಿನದ ನಂತರ ಉಸಿರಾಟ 24ಕ್ಕೆ ಇಳಿಯಿತು, ಇನ್ನೂ ಆಮ್ಲಜನಕ ಬೇಕಾಗಿದೆ, ಗುರಿ ಅರ್ಧ ಮಾತ್ರ ಈಡೇರಿದೆ ಎಂದು ಒಪ್ಪಿಕೊಂಡಿದ್ದಾಳೆ.

ಫೈಲುಗಳ ರಾಶಿ ಮುಂದಿಟ್ಟುಕೊಂಡು ರಾತ್ರಿ ಹತ್ತಕ್ಕೆ ಕೂತ ಶಿಕ್ಷಕಿಯ ಕಣ್ಣಿಗೆ ಮೊದಲು ಬೀಳುವುದು ಯಾವುದು? 30ಕ್ಕೆ ಮೊದಲನೆಯವಳಿಗೆ 25, ಎರಡನೆಯವಳಿಗೆ 15 ಬಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲ ಪ್ಲಾನಿನ ಐದನೇ ಸಾಲನ್ನು ಯಾರಾದರೂ ನಿಜಕ್ಕೂ ಪಾಲಿಸಿದರೆ, ಮೊದಲೇ ಸೋತಿರುವ ಹೃದಯಕ್ಕೆ ಆ ನೀರನ್ನು ತಳ್ಳಲಾಗದೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ನ್ಯುಮೋನಿಯಾದ ಸಿದ್ಧ ಪಿಡಿಎಫ್‌ನಲ್ಲಿ ‘ಹೆಚ್ಚು ದ್ರವ ಕೊಡಿ’ ಎಂದಿರುವುದು ಸಾಮಾನ್ಯ. ಬೇರೆ ತೊಂದರೆಯಿಲ್ಲದ ರೋಗಿಗೆ ಆ ಸಲಹೆ ಸರಿಯೇ ಇರಬಹುದು. ಈ ರೋಗಿಗೆ ಅಲ್ಲ.

ರೂಬ್ರಿಕ್ ಅಂದರೆ ಏನು, ಏನಲ್ಲ

ರೂಬ್ರಿಕ್ ಎಂದರೆ ಒಂದು ಚೌಕಟ್ಟಿನ ಹಾಳೆ. ಎಡಗಡೆ ಏನೇನನ್ನು ನೋಡಬೇಕು ಎಂಬ ಮಾನದಂಡಗಳು. ಪ್ರತಿಯೊಂದರ ಮುಂದೆ ಮೂರೋ ನಾಲ್ಕೋ ಮಟ್ಟಗಳು. ಪ್ರತಿ ಮಟ್ಟದಲ್ಲೂ ಹಾಳೆಯ ಮೇಲೆ ಏನು ಕಾಣಿಸಬೇಕು ಎಂಬ ವಿವರಣೆ.

ಬಹಳ ಕಡೆ ರೂಬ್ರಿಕ್ ಎಂದು ಕರೆಯುವುದು ನಿಜವಾಗಿ ಅಂಕಪಟ್ಟಿ ಮಾತ್ರ. ‘ರೋಗಿಯ ಮಾಹಿತಿ 5, ಡಯಾಗ್ನೋಸಿಸ್ 5, ಯೋಜನೆ 5’ ಎಂದು ಬರೆದಿರುತ್ತದೆ. ಐದಕ್ಕೆ ಮೂರು ಯಾವಾಗ, ನಾಲ್ಕು ಯಾವಾಗ ಎಂದು ಎಲ್ಲೂ ಇರುವುದಿಲ್ಲ. ಅದರಿಂದ ಅಂತರ ಕಡಿಮೆಯಾಗುವುದಿಲ್ಲ. ಒಂದು ದೊಡ್ಡ ಊಹೆಯ ಬದಲು ಆರು ಸಣ್ಣ ಊಹೆಗಳಾಗುತ್ತವೆ, ಅಷ್ಟೆ.

ಮಾನದಂಡಗಳನ್ನು ಹುಡುಕಲು ಹೆಚ್ಚು ಕಷ್ಟಪಡಬೇಕಿಲ್ಲ. ಶುಶ್ರೂಷೆಯ ಪ್ರಕ್ರಿಯೆಯಲ್ಲೇ ಐದು ಹಂತಗಳಿವೆ: ರೋಗಿಯ ಮಾಹಿತಿ ಸಂಗ್ರಹ, ನರ್ಸಿಂಗ್ ಡಯಾಗ್ನೋಸಿಸ್, ಗುರಿ, ಶುಶ್ರೂಷಾ ಕ್ರಮಗಳು, ಫಲಿತಾಂಶದ ಪರಿಶೀಲನೆ. ಆರನೆಯದಾಗಿ ಬರವಣಿಗೆ ಸೇರಿಸಬಹುದು. ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಇಪ್ಪತ್ತು ಮಾನದಂಡ ಮಾಡಿದರೆ ನಲವತ್ತು ಫೈಲು ತಿದ್ದುವ ಶಿಕ್ಷಕಿ ಹತ್ತನೆಯದರ ಹೊತ್ತಿಗೆ ಹಾಳೆ ಓದುವುದನ್ನೇ ಬಿಟ್ಟು ಅಂದಾಜಿನಲ್ಲಿ ಟಿಕ್ ಹಾಕುತ್ತಾರೆ.

ಬರವಣಿಗೆಯನ್ನು ಬೇರೆ ಸಾಲಾಗಿ ಇಡುವುದೇಕೆ ಎಂದು ನೀವು ಕೇಳಬಹುದು. ಬೇರೆ ಇಡದಿದ್ದರೆ ಅದು ಉಳಿದ ಎಲ್ಲ ಸಾಲುಗಳಿಗೂ ಸದ್ದಿಲ್ಲದೆ ನುಸುಳುತ್ತದೆ. ಅಕ್ಷರ ಅಂದ, ಇಂಗ್ಲಿಷ್ ಸಲೀಸು ಎಂದಾದಾಗ ಡಯಾಗ್ನೋಸಿಸ್ ಕೂಡ ಸರಿಯಿರಬೇಕು ಎಂದು ಮನಸ್ಸು ತಾನೇ ನಿರ್ಧರಿಸಿಬಿಡುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಹೆಚ್ಚು ಅನ್ಯಾಯವಾಗುವುದು ಇಲ್ಲೇ. ಹಾಗೆಂದು ಬರವಣಿಗೆಗೆ ಸೊನ್ನೆ ತೂಕ ಕೊಡಬೇಕು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮುಂದಿನ ಶಿಫ್ಟಿನ ನರ್ಸ್‌ಗೆ ಓದಲಾಗದ ದಾಖಲೆ ಅಪಾಯವೇ. ಅಲ್ಲಿ ನೋಡಬೇಕಾದದ್ದು ‘ಇನ್ನೊಬ್ಬ ನರ್ಸ್ ಇದನ್ನು ತಪ್ಪಿಲ್ಲದೆ ಓದಿ ಪಾಲಿಸಬಹುದೇ’ ಎಂಬುದನ್ನು ಮಾತ್ರ.

ಈಗ ತೂಕ. ಪ್ರತಿ ಮಾನದಂಡಕ್ಕೂ 0ರಿಂದ 3ರವರೆಗೆ ನಾಲ್ಕು ಮಟ್ಟ ಇಟ್ಟು, ಮಾಹಿತಿ ಮತ್ತು ಡಯಾಗ್ನೋಸಿಸ್‌ನ ಮಟ್ಟವನ್ನು ಎರಡರಿಂದ, ಶುಶ್ರೂಷಾ ಕ್ರಮಗಳದ್ದನ್ನು ಮೂರರಿಂದ ಗುಣಿಸಿ, ಗುರಿ, ಪರಿಶೀಲನೆ, ಬರವಣಿಗೆಯನ್ನು ಇದ್ದಂತೆಯೇ ಬಿಟ್ಟರೆ ಒಟ್ಟು 30 ಬರುತ್ತದೆ. ಇದು ಒಂದು ಮಾದರಿ ಅಷ್ಟೇ. ಮೊದಲ ವರ್ಷದವರಿಗೆ ಮಾಹಿತಿ ಸಂಗ್ರಹಕ್ಕೇ ಹೆಚ್ಚು ತೂಕ ಕೊಡಬಹುದು, ಅವರು ಆಗ ಕಲಿಯುತ್ತಿರುವುದೇ ಅದನ್ನು.

ಕಷ್ಟವಿರುವುದು ಮಟ್ಟಗಳನ್ನು ಬರೆಯುವುದರಲ್ಲಿ

ಸಂವಹನ ಓದಿದವಳಾಗಿ ನನಗೆ ಎಲ್ಲಕ್ಕಿಂತ ಕುತೂಹಲ ಇರುವುದು ಈ ಭಾಗದಲ್ಲಿ. ಮೊದಲ ಸಲ ಬರೆಯುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: 3 ಎಂದರೆ ‘ಸೂಕ್ತವಾದ ಕ್ರಮಗಳು’, 2 ಎಂದರೆ ‘ಬಹುಮಟ್ಟಿಗೆ ಸೂಕ್ತ’, 1 ಎಂದರೆ ‘ಸ್ವಲ್ಪ ಸೂಕ್ತ’. ಓದಲು ಚೆನ್ನಾಗಿದೆ. ಆದರೆ ‘ಸೂಕ್ತ’ ಯಾವುದು ಎಂಬುದೇ ಇಬ್ಬರು ಶಿಕ್ಷಕರ ನಡುವಿನ ಜಗಳವಾಗಿತ್ತಲ್ಲ! ಆ ಜಗಳವನ್ನು ಚೌಕದೊಳಗೆ ಹಾಕಿದಂತಾಯಿತೇ ಹೊರತು ತೀರಲಿಲ್ಲ.

ದಾರಿ ಹೀಗಿದೆ. ಹಿಂದಿನ ವರ್ಷದ ಹತ್ತು ಹನ್ನೆರಡು ಕೇರ್ ಪ್ಲಾನ್‌ಗಳನ್ನು ತೆಗೆದು ಹೆಸರು ಮುಚ್ಚಿ ಮೇಜಿನ ಮೇಲೆ ಹರಡಿ. ಅಂಕ ಹಾಕಬೇಡಿ. ಶುಶ್ರೂಷಾ ಕ್ರಮಗಳ ಭಾಗ ಮಾತ್ರ ಓದಿ ನಾಲ್ಕು ಗುಡ್ಡೆ ಮಾಡಿ. ಆಮೇಲೆ ಕೇಳಿಕೊಳ್ಳಿ: ಈ ಗುಡ್ಡೆಯಲ್ಲಿ ಇದ್ದು ಪಕ್ಕದ ಗುಡ್ಡೆಯಲ್ಲಿ ಇಲ್ಲದ್ದು ಏನು? ಬರುವ ಉತ್ತರ ‘ಚೆನ್ನಾಗಿದೆ’ ಎಂದಾಗಿರಬಾರದು. ಬೆರಳಿಟ್ಟು ತೋರಿಸುವಂಥದ್ದಾಗಿರಬೇಕು. ಹಾಗೆ ಬರೆದಾಗ ಆ ಸಾಲು ಸುಮಾರಾಗಿ ಹೀಗಾಗುತ್ತದೆ:

3: ಪ್ರತಿ ಕ್ರಮದಲ್ಲೂ ಏನು, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದಿದೆ. ಯಾಕೆ ಎಂಬ ಕಾರಣ ಇದೆ. ಈ ರೋಗಿಯ ಇತರ ಕಾಯಿಲೆಗಳನ್ನು ಗಮನಿಸಿದ್ದು ಕಾಣುತ್ತದೆ.

2: ಕ್ರಮಗಳು ಈ ರೋಗಿಗೇ ಹೊಂದುತ್ತವೆ. ಕೆಲವದರಲ್ಲಿ ಪ್ರಮಾಣ, ಸಮಯ ಅಥವಾ ಕಾರಣ ಬಿಟ್ಟುಹೋಗಿದೆ.

1: ಆ ಕಾಯಿಲೆ ಇರುವ ಯಾವ ರೋಗಿಗಾದರೂ ಬರೆಯಬಹುದಾದ ಪಟ್ಟಿ. ಹೆಸರು ಬದಲಿಸಿದರೆ ಬೇರೆಯವರಿಗೂ ನಡೆಯುತ್ತದೆ.

0: ಬರೆದ ಕ್ರಮಗಳಿಗೂ ಡಯಾಗ್ನೋಸಿಸ್‌ಗೂ ಸಂಬಂಧವಿಲ್ಲ, ಅಥವಾ ಏನೂ ಬರೆದಿಲ್ಲ.

ಒಂದನೇ ಮಟ್ಟದ ವಿವರಣೆ ಗಮನಿಸಿ. ಪಿಡಿಎಫ್ ನಕಲನ್ನು ಹಿಡಿಯುವ ಸಾಲು ಅದೇ. ವಿದ್ಯಾರ್ಥಿ ಎಲ್ಲಿಂದ ನಕಲು ಮಾಡಿದಳು ಎಂದು ಹುಡುಕುತ್ತ ಕೂರಬೇಕಿಲ್ಲ. ‘ಹೆಸರು ಬದಲಿಸಿದರೆ ನಡೆಯುತ್ತದೆಯೇ’ ಎಂದು ಕೇಳಿದರೆ ಸಾಕು. ಹನ್ನೆರಡು ಕ್ರಮ ಬರೆದರೂ, ಇಪ್ಪತ್ತು ಬರೆದರೂ ಉತ್ತರ ‘ಹೌದು’ ಎಂದಾದರೆ ಮಟ್ಟ ಒಂದೇ.

ಗುರಿಯ ಸಾಲಿಗೂ ಇದೇ ರೀತಿ. ‘ರೋಗಿಯ ಉಸಿರಾಟ ಸುಧಾರಿಸುವುದು’ ಎಂದು ಬರೆದರೆ ಒಂದು. ‘48 ಗಂಟೆಯೊಳಗೆ ಉಸಿರಾಟ ನಿಮಿಷಕ್ಕೆ 24ಕ್ಕಿಂತ ಕಡಿಮೆ, ಕಫವನ್ನು ತಾವೇ ಕೆಮ್ಮಿ ಹೊರಹಾಕುವುದು’ ಎಂದು ಬರೆದರೆ ಮೂರು. ಎರಡನೆಯದನ್ನು ಎರಡು ದಿನದ ನಂತರ ಎಣಿಸಿ ನೋಡಬಹುದು, ಮೊದಲನೆಯದನ್ನು ನೋಡಲಾಗುವುದಿಲ್ಲ. ಪರಿಶೀಲನೆಯ ಸಾಲಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗುರಿ ಈಡೇರಿದರೆ ಮಾತ್ರ ಪೂರ್ತಿ ಅಂಕ ಎಂದು ಬರೆದರೆ ವಿದ್ಯಾರ್ಥಿಗಳು ಎಲ್ಲ ರೋಗಿಗಳನ್ನೂ ಹಾಳೆಯ ಮೇಲೆ ಗುಣಪಡಿಸಿಬಿಡುತ್ತಾರೆ. ‘ಈಡೇರಲಿಲ್ಲ, ಇಂಥ ಕಾರಣಕ್ಕೆ, ಆದ್ದರಿಂದ ಯೋಜನೆಯಲ್ಲಿ ಇದನ್ನು ಬದಲಿಸಿದೆ’ ಎನ್ನುವವಳಿಗೂ ಮೂರು ಸಿಗುವಂತೆ ಬರೆಯಬೇಕು.

ಮೂರು ಲೀಟರಿನ ಪ್ರಶ್ನೆ

ಈಗ ಆ ಇಬ್ಬರ ಕೇರ್ ಪ್ಲಾನ್‌ಗಳನ್ನು ಈ ಹಾಳೆಯಿಂದ ಅಳೆಯೋಣ. ಮೊದಲನೆಯವಳ ಮಾಹಿತಿಯಲ್ಲಿ ಪುಸ್ತಕದ ಲಕ್ಷಣಗಳಿವೆ, ಪಾದದ ಊತವೇ ಇಲ್ಲ: ಮಟ್ಟ 1, ಅಂಕ 2. ಡಯಾಗ್ನೋಸಿಸ್ ಸರಿ, ಆಧಾರ ಪೂರ್ತಿ ಇಲ್ಲ: ಮಟ್ಟ 2, ಅಂಕ 4. ಗುರಿಗೆ 1. ಕ್ರಮಗಳು ಮಟ್ಟ 1, ಅಂಕ 3. ಪರಿಶೀಲನೆಗೆ 1. ಬರವಣಿಗೆಗೆ ಪೂರ್ತಿ 3. ಒಟ್ಟು 14.

ಎರಡನೆಯವಳ ಮಾಹಿತಿ ಮಟ್ಟ 3, ಅಂಕ 6. ಡಯಾಗ್ನೋಸಿಸ್ ಮಟ್ಟ 2, ಅಂಕ 4. ಗುರಿಗೆ 3. ಕ್ರಮಗಳಲ್ಲಿ ಎರಡು ಕಡೆ ಕಾರಣ ಬರೆದಿಲ್ಲ: ಮಟ್ಟ 2, ಅಂಕ 6. ಪರಿಶೀಲನೆಗೆ 2, ಬರವಣಿಗೆಗೆ 1. ಒಟ್ಟು 22.

25 ಮತ್ತು 15 ಇದ್ದದ್ದು 14 ಮತ್ತು 22 ಆಯಿತು. ಆದರೂ ಒಂದು ಗಂಟು ಉಳಿಯಿತು. ಮೊದಲನೆಯವಳು ಉಳಿದ ಸಾಲುಗಳಲ್ಲಿ ಇನ್ನಷ್ಟು ಚೆನ್ನಾಗಿ ಬರೆದಿದ್ದರೆ? ಮೂರು ಲೀಟರ್ ಹಾಗೇ ಇದ್ದರೂ 20 ದಾಟಬಹುದಿತ್ತು. ಕೂಡುವ ಲೆಕ್ಕದ ಗುಣವೇ ಅದು, ಒಂದು ಕಡೆಯ ಅಪಾಯವನ್ನು ಇನ್ನೊಂದು ಕಡೆಯ ಅಂದ ತುಂಬಿಕೊಡುತ್ತದೆ.

ಆದ್ದರಿಂದ ಸುರಕ್ಷತೆಯನ್ನು ಅಂಕದ ಸಾಲಾಗಿ ಇಡದೆ ಹೌದು-ಇಲ್ಲ ಪ್ರಶ್ನೆಯಾಗಿ ಹಾಳೆಯ ತುದಿಯಲ್ಲಿ ಇಡುವುದು ಮೇಲು: ‘ಇಲ್ಲಿ ಬರೆದ ಯಾವುದಾದರೂ ಕ್ರಮ ಡಾಕ್ಟರ ಲಿಖಿತ ಸೂಚನೆಗೆ, ರೋಗಿಯ ಅಲರ್ಜಿಗೆ ಅಥವಾ ಕೇಸ್ ಶೀಟಿನಲ್ಲಿರುವ ಸ್ಥಿತಿಗೆ ವಿರುದ್ಧವಾಗಿದೆಯೇ?’ ಹೌದಾದರೆ ಯಾವ ಸಾಲು ಎಂದು ಬರೆದು ಪ್ಲಾನ್ ವಾಪಸ್. ವಿದ್ಯಾರ್ಥಿನಿ ಬಂದು ಅದು ಏಕೆ ಅಪಾಯ ಎಂದು ಬಾಯಲ್ಲಿ ವಿವರಿಸಿ, ತಿದ್ದಿಕೊಟ್ಟ ಮೇಲೆಯೇ ಅಂಕ. ಸೊನ್ನೆ ಕೊಟ್ಟು ಮುಗಿಸಬೇಕು ಎನ್ನುವವರೂ ಇದ್ದಾರೆ. ಸೊನ್ನೆಗೆ ಹೆದರಿದ ವಿದ್ಯಾರ್ಥಿ ಮುಂದಿನ ಸಲ ಪ್ರಮಾಣವನ್ನೇ ಬರೆಯದೆ ‘ಸಾಕಷ್ಟು ದ್ರವ’ ಎಂದು ಜಾರಿಕೊಳ್ಳುತ್ತಾಳೆ ಎಂಬುದು ನನ್ನ ಅನುಮಾನ. ವಾಪಸ್ ಕಳಿಸಿದರೆ ಕೇಸ್ ಶೀಟನ್ನು ಇನ್ನೊಮ್ಮೆ ತೆಗೆದು ನೋಡಲೇಬೇಕಾಗುತ್ತದೆ. ಆದರೆ ಈ ಪ್ರಶ್ನೆಯನ್ನು ಇಷ್ಟಕ್ಕೇ ಬಿಗಿಯಾಗಿ ಇಡಬೇಕು. ‘ಅಸುರಕ್ಷಿತ ಎನಿಸಿದರೆ’ ಎಂದು ಸಡಿಲವಾಗಿ ಬರೆದರೆ ಯಾರನ್ನು ಬೇಕಾದರೂ ವಾಪಸ್ ಕಳಿಸುವ ಬಾಗಿಲಾಗುತ್ತದೆ.

ಹಾಳೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಬಳಸುವ ಮೊದಲು ಇಬ್ಬರು ಶಿಕ್ಷಕರು ಅದೇ ಎಂಟು ಕೇರ್ ಪ್ಲಾನ್‌ಗಳಿಗೆ ಪರಸ್ಪರ ಮಾತಾಡದೆ ಮಟ್ಟ ಹಾಕಬೇಕು. ಎಂಟು ಪ್ಲಾನ್, ಆರು ಸಾಲು ಎಂದರೆ 48 ನಿರ್ಧಾರಗಳು. ಎಷ್ಟರಲ್ಲಿ ಇಬ್ಬರೂ ಒಂದೇ ಮಟ್ಟ ಕೊಟ್ಟಿದ್ದಾರೆ ಎಂದು ಎಣಿಸಿ. 48ರಲ್ಲಿ 28 ಹೊಂದಿದರೆ ಸುಮಾರು 58%, ಅದು ಸಾಲದು. ಒಟ್ಟು ಅಂಕ ಮಾತ್ರ ನೋಡಿ ಸಮಾಧಾನಪಡಬಾರದು. ಒಬ್ಬರು ಗುರಿಗೆ ಹೆಚ್ಚು, ಪರಿಶೀಲನೆಗೆ ಕಡಿಮೆ ಕೊಟ್ಟು, ಇನ್ನೊಬ್ಬರು ಉಲ್ಟಾ ಕೊಟ್ಟರೆ ಮೊತ್ತ ಒಂದೇ ಬರಬಹುದು.

ಹೊಂದದ 20 ಎಲ್ಲಿವೆ ಎಂದು ನೋಡಿದರೆ ಸಾಮಾನ್ಯವಾಗಿ ಒಂದೆರಡು ಸಾಲುಗಳಲ್ಲೇ ಗುಂಪಾಗಿರುತ್ತವೆ. ಅಲ್ಲಿ ತಪ್ಪು ಶಿಕ್ಷಕರದ್ದಲ್ಲ, ವಾಕ್ಯದ್ದು. ಉದಾಹರಣೆಗೆ ‘ಮಾಹಿತಿ ಪೂರ್ಣವಾಗಿದೆ’ ಎಂಬ ಮಾತನ್ನು ಒಬ್ಬರು ‘ಫಾರಂ ತುಂಬಿದೆ’ ಎಂದು, ಇನ್ನೊಬ್ಬರು ‘ಮುಖ್ಯವಾದದ್ದು ಸಿಕ್ಕಿದೆ’ ಎಂದು ಓದಿರುತ್ತಾರೆ. ವಾಕ್ಯ ತಿದ್ದಿ, ಬೇರೆ ಎಂಟು ಪ್ಲಾನ್ ತೆಗೆದು ಮತ್ತೊಮ್ಮೆ ಮಾಡಿ ನೋಡಬೇಕು. ಹಳೆಯ ಎಂಟನ್ನೇ ಬಳಸಿದರೆ ನೆನಪಿನಿಂದಲೇ ಹೊಂದಿಬಿಡುತ್ತದೆ.

ತಿದ್ದುವಾಗ ಒಬ್ಬಳ ಫೈಲು ಪೂರ್ತಿ ಮುಗಿಸಿ ಇನ್ನೊಬ್ಬಳದಕ್ಕೆ ಹೋಗುವ ಬದಲು, ಎಲ್ಲರ ಮಾಹಿತಿ ಸಂಗ್ರಹ ಮೊದಲು, ಆಮೇಲೆ ಎಲ್ಲರ ಡಯಾಗ್ನೋಸಿಸ್ ಎಂದು ಅಡ್ಡಡ್ಡ ಸಾಗಿದರೆ, ಒಂದು ಸಾಲಿನ ಮೆಚ್ಚುಗೆ ಮುಂದಿನ ಸಾಲಿಗೆ ಹರಿಯುವುದು ಕಡಿಮೆಯಾಗುತ್ತದೆ. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ನಿಜ.

‘ರೂಬ್ರಿಕ್ ಮೊದಲೇ ಕೊಟ್ಟರೆ ಎಲ್ಲರಿಗೂ ಪೂರ್ತಿ ಅಂಕ ಬರುತ್ತದೆ’ ಎಂಬುದು?

ತಪ್ಪು ಕಲ್ಪನೆ. ‘ಈ ರೋಗಿಯ ಇತರ ಕಾಯಿಲೆಗಳನ್ನು ಗಮನಿಸಬೇಕು’ ಎಂದು ಮೊದಲೇ ಗೊತ್ತಿದ್ದರೂ ಅದನ್ನು ಗಮನಿಸಲು ರೋಗಿಯ ಹತ್ತಿರ ಹೋಗಲೇಬೇಕು, ಪಾದ ಒತ್ತಿ ನೋಡಲೇಬೇಕು, ಕೇಸ್ ಶೀಟ್ ಓದಲೇಬೇಕು. ಪ್ರಶ್ನೆ ಪತ್ರಿಕೆ ಲೀಕ್ ಆದದ್ದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಆದರೆ ರೂಬ್ರಿಕ್‌ಗೆ ಆಗದ ಕೆಲಸ ಒಂದಿದೆ. ಅದು ಅಳೆಯುವುದು ಹಾಳೆಯನ್ನು ಮಾತ್ರ. ‘ಎರಡು ಗಂಟೆಗೊಮ್ಮೆ ಕೆಮ್ಮಿಸಿದೆ’ ಎಂದು ಬರೆದವಳು ನಿಜಕ್ಕೂ ಕೆಮ್ಮಿಸಿದಳೇ, 24 ಎಂಬ ಉಸಿರಾಟದ ಲೆಕ್ಕವನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಳೇ ಎಂಬುದು ಚೌಕಗಳಿಂದ ಗೊತ್ತಾಗುವುದಿಲ್ಲ. ಅದಕ್ಕೆ ಶಿಕ್ಷಕಿ ಫೈಲು ಹಿಡಿದು ಹಾಸಿಗೆಯ ಪಕ್ಕಕ್ಕೇ ಬರಬೇಕು, ‘ಇವರಿಗೆ ನೀರು ಎಷ್ಟು ಕೊಡಬಹುದು, ಯಾಕೆ?’ ಎಂದು ಕೇಳಬೇಕು. ಎರಡು ನಿಮಿಷ ಸಾಕು. ನಿಮ್ಮ ಮನೆಯಲ್ಲಿ ನರ್ಸಿಂಗ್ ಓದುತ್ತಿರುವವರಿದ್ದರೆ, ಅಸೈನ್‌ಮೆಂಟ್ ಕೊಟ್ಟ ದಿನವೇ ಅವರು ಶಿಕ್ಷಕರನ್ನು ಕೇಳಬಹುದಾದ ಪ್ರಶ್ನೆಯೂ ಇದೆ: ‘ಮೇಡಂ, ಎರಡನೇ ಮಟ್ಟಕ್ಕೂ ಮೂರನೇ ಮಟ್ಟಕ್ಕೂ ಹಾಳೆಯ ಮೇಲೆ ಏನು ವ್ಯತ್ಯಾಸ ಕಾಣಬೇಕು?’